ಕಚೇರಿ ಆದೇಶ

ತಹಶೀಲ್ದಾರರ ಕಚೇರಿ, ಅಭಿಲೇಖಾಲಯ ಶಾಖೆ
ಸಂಖ್ಯೆ: ಅಭಿ/ಸಿಆರ್/14/2025-26
ದಿನಾಂಕ: 18-06-2025

ವಿಷಯ: ಮಳೆನೀರಿನಿಂದ ನೆನೆದ ದಾಖಲೆಗಳ ಪರಿಶೀಲನೆಗೆ ತಾತ್ಕಾಲಿಕ ಸಮಿತಿ ರಚಿಸುವ ಬಗ್ಗೆ.

ದಿನಾಂಕ 16-06-2025ರ ರಾತ್ರಿ ಸುರಿದ ಮಳೆಗೆ ಅಭಿಲೇಖಾಲಯದ ಛಾವಣಿ ಸೋರಿ, ಕಸಬಾ ಹೋಬಳಿಯ ಕೈಬರಹದ ಪಹಣಿ ಹಾಗೂ ಮ್ಯುಟೇಶನ್ ವಹಿಗಳು ನೆನೆದಿರುತ್ತವೆ. ಕೆಲವು ವಹಿಗಳ ಹಾಳೆಗಳು ಒಂದಕ್ಕೊಂದು ಅಂಟಿ, ಅಂಚಿನಲ್ಲಿ ಶಾಯಿ ಹರಡಿರುವುದನ್ನು ನಾನು ಖುದ್ದು ನೋಡಿರುತ್ತೇನೆ. ಭೂಮಿ ಗಣಕೀಕರಣಕ್ಕೆ ಮುಂಚಿನ ಹಕ್ಕಿಗೆ ರೈತರ ಬಳಿ ಬೇರೆ ಆಧಾರವಿಲ್ಲದಿರಬಹುದು. ಒಂದು ಹಾಳೆಯೂ ಕಳೆಯಬಾರದು. ಆದ್ದರಿಂದ ಈ ಆದೇಶ.

ಗ್ರೇಡ್-2 ತಹಶೀಲ್ದಾರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಲಾಗಿದೆ. ಭೂಮಾಪನ ಮೇಲ್ವಿಚಾರಕರು, ಕಸಬಾ ರಾಜಸ್ವ ನಿರೀಕ್ಷಕರು ಮತ್ತು ಅಭಿಲೇಖಾಲಯದ ಪ್ರಥಮ ದರ್ಜೆ ಸಹಾಯಕರು ಸದಸ್ಯರು. ಅಭಿಲೇಖಾಲಯದ ಶಿರಸ್ತೇದಾರರು ಸಂಚಾಲಕರು.

ಸಮಿತಿಯು ನೆನೆದ ವಹಿಗಳನ್ನು ಗ್ರಾಮವಾರು ಪಟ್ಟಿ ಮಾಡಿ, ಓದಲು ಬರುವ, ಭಾಗಶಃ ಹಾಳಾದ, ಪೂರ್ಣ ಹಾಳಾದ ಪುಟಗಳನ್ನು ಬೇರ್ಪಡಿಸಿ ಸ್ಕ್ಯಾನ್ ಮಾಡಿಸತಕ್ಕದ್ದು. ಹಾಳೆಗಳನ್ನು ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ ಮಾತ್ರ ಒಣಗಿಸಬೇಕು. ಬಿಸಿಲಿಗೆ ಹಾಕಕೂಡದು, ಅಂಟಿದ ಹಾಳೆಗಳನ್ನು ಬಲವಂತವಾಗಿ ಬಿಡಿಸಕೂಡದು. ಯಾವುದೇ ವಹಿ ಕಚೇರಿಯಿಂದ ಹೊರಹೋಗತಕ್ಕದ್ದಲ್ಲ.

ಪ್ರತಿ ಸೋಮವಾರ ಪ್ರಗತಿಯನ್ನು, ದಿನಾಂಕ 18-07-2025ರ ಸಂಜೆ 5 ಗಂಟೆಯೊಳಗೆ ಸಹಿ ಮಾಡಿದ ಅಂತಿಮ ವರದಿಯನ್ನು ಸಂಚಾಲಕರು ಕೆಳಸಹಿದಾರರಿಗೆ ನೇರವಾಗಿ ಸಲ್ಲಿಸತಕ್ಕದ್ದು. ವರದಿ ಅಂಗೀಕಾರವಾದೊಡನೆ ಸಮಿತಿ ವಿಸರ್ಜನೆಗೊಳ್ಳುತ್ತದೆ.

ಸಹಿ/-
ತಹಶೀಲ್ದಾರರು

ಪ್ರತಿ: ಉಪವಿಭಾಗಾಧಿಕಾರಿಗಳಿಗೆ ಮಾಹಿತಿಗಾಗಿ, ಸಮಿತಿಯ ಎಲ್ಲರಿಗೂ ಕ್ರಮಕ್ಕಾಗಿ, ಕಚೇರಿ ಪ್ರತಿ.