ಅಜ್ಜಿಗೆ ಹುಟ್ಟುಹಬ್ಬದ ದಿನ

ಪ್ರೀತಿಯ ಅಜ್ಜಿ,

ಹುಟ್ಟುಹಬ್ಬದ ಶುಭಾಶಯ. ಇವತ್ತಿಗೆ ನಿನಗೆ 75 ತುಂಬಿತು! ಚಿಕ್ಕಪ್ಪ, ಅಜ್ಜಿ ಪಕ್ಕ ಕೂತು ಇದನ್ನ ನಿಧಾನವಾಗಿ ಓದಿ ಹೇಳು.

ಆಧಾರ್ ಕಾರ್ಡಿನಲ್ಲಿ ನಿನ್ನ ಹುಟ್ಟಿದ ದಿನ ಜನವರಿ 1 ಅಂತ ಇದೆ. ಆದರೆ ನಿಮ್ಮಮ್ಮ ಹೇಳುತ್ತಿದ್ದದ್ದು, ಸಂಕ್ರಾಂತಿ ಮಾರನೇ ದಿನ ಹೊಲದಲ್ಲಿ ಅವರೆಕಾಯಿ ಕೀಳುವಾಗ ನೋವು ಬಂತು ಅಂತ. ನನಗೆ ಅವರ ಲೆಕ್ಕವೇ ಸರಿ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಫೋನಿನಲ್ಲಿ ಹೂವಿನ ಚಿತ್ರ ಹಾಕಿದ ಹಾರೈಕೆಗಳು ರೆಡಿ ಸಿಗುತ್ತವೆ. 'ನಿಮ್ಮ ಆಶೀರ್ವಾದ ಸದಾ ನಮ್ಮ ಮೇಲಿರಲಿ' ಅಂತ ಒಂದಿತ್ತು. ಅದು ಯಾವ ಅಜ್ಜಿಗಾದರೂ ಸಲ್ಲುವ ಮಾತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ವರ್ಷಗಟ್ಟಲೆ ಗೂಡು ಹಾಕಿದ ನನ್ನ ಅಜ್ಜಿಗೆ ಸಾಲದು.

ಇಲ್ಲಿ ಡಬ್ಲಿನ್‌ನಲ್ಲಿ ನನಗೆ ರಾತ್ರಿ ಡ್ಯೂಟಿ ಜಾಸ್ತಿ. ವಾರ್ಡಿನಲ್ಲಿ ಒಬ್ಬೊಬ್ಬರ ಹಾಸಿಗೆ ಹತ್ತಿರ ಹೋಗುವಾಗಲೂ ನೀನು ನೆನಪಾಗುತ್ತೀಯ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಎಷ್ಟು ಹಾಕಿದರೂ ಸಾಲುತ್ತಿರಲಿಲ್ಲ ಅಲ್ವಾ? ನೀನು ನಡುರಾತ್ರಿ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಒಂದು ಹುಳ ಎತ್ತಿ ಬಲ್ಬಿನ ಎದುರು ಹಿಡಿಯುತ್ತಿದ್ದೆ. ಮೈ ತಿಳಿಯಾಗಿ, ಸ್ವಲ್ಪ ಹಳದಿ ತಿರುಗಿದ್ದರೆ "ಹಣ್ಣಾಯ್ತು, ಚಂದ್ರಿಕೆ ತನ್ನಿ" ಅಂತ ಎಲ್ಲರನ್ನೂ ಎಬ್ಬಿಸುತ್ತಿದ್ದೆ. ಕೈಕಾಲು ತೊಳೆಯದೆ ಹುಳದ ಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಊರ ದೊಡ್ಡವರು ಬಂದರೂ ಅಷ್ಟೇ, ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಒಬ್ಬರ ಕಾಲಿನ ಕೊಳೆಯಿಂದ ಇಡೀ ಬೆಳೆ ಹೋಗುತ್ತೆ ಅಂತ ನೀನು ಹೇಳುತ್ತಿದ್ದದ್ದನ್ನೇ ನರ್ಸಿಂಗ್ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದರು. ನನಗೆ ಅದು ಹೊಸದೇನಾಗಿರಲಿಲ್ಲ. ಆ ಕಾಲೇಜಿನ ಫೀಸೂ ನಿನ್ನ ಗೂಡಿನ ದುಡ್ಡೇ. ಅಮ್ಮ ಎಲ್ಲಾ ಹೇಳಿದ್ದಾಳೆ.

ಇಷ್ಟನ್ನ ನಿನ್ನ ಮುಂದೆ ಕೂತು ಹೇಳಬೇಕಿತ್ತು. ದೂರದಿಂದಲೇ ಹೇಳುತ್ತಿದ್ದೇನೆ: ನನ್ನ ಕೆಲಸ ಚೆನ್ನಾಗಿದೆ ಅಂತ ಇಲ್ಲಿ ಯಾರಾದರೂ ಮೆಚ್ಚಿದರೆ, ಅದು ನಿನಗೆ ಸೇರಬೇಕು.

ಇವತ್ತು ಹಿತಕಿದ ಬೇಳೆ ಸಾರು ಅಂತೆ. ಇಲ್ಲಿನ ಅಂಗಡಿಯಲ್ಲಿ ಫ್ರೀಜರಿನ ಬೇಳೆ ಸಿಗುತ್ತೆ, ಆದರೆ ಸೊಗಡೇ ಇಲ್ಲ. ನೀನು ಮಾತ್ರ ಬೇಳೆ ಹಿತುಕೋಕೆ ಕೂರಬೇಡ, ಬೆರಳು ನೋಯುತ್ತೆ. ಚಿಕ್ಕಮ್ಮನಿಗೆ ಹೇಳಿದ್ದೇನೆ, ಅವಳೇ ಮಾಡುತ್ತಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ತಿನ್ನುವುದೂ ಇವತ್ತು ಬೇಡ. ಮೊದಲ ಮುದ್ದೆ ನಿನ್ನ ತಟ್ಟೆಗೇ ಬೀಳಬೇಕು. ಬಿಪಿ ಮಾತ್ರೆ ಮರೀಬೇಡ.

ಮೇ ತಿಂಗಳಿಗೆ ರಜೆ ಸಿಕ್ಕಿದೆ, ಟಿಕೆಟ್ ಕೂಡ ಮಾಡಿಸಿದ್ದೇನೆ. ಶ್ರೀನಿವಾಸಪುರದ ಮಾವಿನಹಣ್ಣು ಬರುವ ಹೊತ್ತಿಗೆ ಅಲ್ಲಿರುತ್ತೇನೆ.

ಸಂಜೆ ಏಳೂವರೆಗೆ ವಿಡಿಯೋ ಕಾಲ್ ಮಾಡುತ್ತೇನೆ, ಆಗ ಇಲ್ಲಿ ಮಧ್ಯಾಹ್ನ ಎರಡು ಗಂಟೆ. ಆ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಕೂತಿರು, ನೋಡಬೇಕು.

ನಿನ್ನ ಪುಟ್ಟಿ