ರದ್ದಾದ ವಿಮಾನದ ರಿಫಂಡ್: ಕಾಲ್‌ನಲ್ಲಿ ಒಪ್ಪಿದ್ದೇನು, ಯಾವ ತಾರೀಖಿಗೆ ಕೊಡಬೇಕು

ಭಾವ, ನಿನ್ನೆಯ ಕಾಲ್ ರೆಕಾರ್ಡಿಂಗ್ ಪೂರ್ತಿ ಕೇಳಿ ಇದನ್ನು ಬರೆದಿದ್ದೇನೆ. 26 ನಿಮಿಷದ ಕಾಲ್, ಅದರಲ್ಲಿ ಒಂಬತ್ತು ನಿಮಿಷ ಬರೀ ಹೋಲ್ಡ್ ಮ್ಯೂಸಿಕ್, ಹಾಗಾಗಿ ನೀವು ಮತ್ತೆ ಕೇಳೋದು ಬೇಡ. ದುಡ್ಡು ಹೋಗಿರುವುದು ನಿಮ್ಮ ಕಾರ್ಡಿನಿಂದ, ವಾಪಸ್ ಬರಬೇಕಾದ್ದೂ ಅಲ್ಲಿಗೇ. ಅದಕ್ಕೇ ಕ್ಲೇಮ್ ನಿಮ್ಮ ಮೇಲ್‌ನಿಂದಲೇ ಹೋಗಲಿ. ಮೇಲ್ ಕೊನೆಯಲ್ಲಿದೆ, ಹಾಗೇ ಕಾಪಿ ಮಾಡಿ. ಮಧ್ಯೆ ಬರುವ 04:10 ಥರದ ಅಂಕಿಗಳು ರೆಕಾರ್ಡಿಂಗ್‌ನ ನಿಮಿಷ ಮತ್ತು ಸೆಕೆಂಡ್.

ಬುಕಿಂಗ್

ಪಿಎನ್‌ಆರ್ K7QX2M. ಮೂರು ಟಿಕೆಟ್: ನೀವು, ಅಕ್ಕ, ಪುಟ್ಟಿ. ಹೋಗೋದು ನವೆಂಬರ್ 8, ಶನಿವಾರ ಬೆಳಗ್ಗೆ 6.40. ವಾಪಸ್ ನವೆಂಬರ್ 11, ಮಂಗಳವಾರ ರಾತ್ರಿ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ. ವಿಮಾನ ರದ್ದು ಅಂತ ಮೆಸೇಜ್ ಬಂದಿದ್ದು ನವೆಂಬರ್ 7, ಶುಕ್ರವಾರ ಸಂಜೆ 5.52ಕ್ಕೆ. ನಾನು ಕಾಲ್ ಮಾಡಿದ್ದು ಅದೇ ಸಂಜೆ 7.14ಕ್ಕೆ. ದೂರಿನ ನಂಬರ್ SR-482136 (21:35, ಒಂದೊಂದೇ ಅಂಕಿ ಓದಿಸಿಕೊಂಡಿದ್ದೇನೆ).

ಕಾಲ್‌ನಲ್ಲಿ ನಡೆದದ್ದು

ಮೊದಲು ಮಾತಾಡಿದ ಹುಡುಗಿ ನಿಮ್ಮದು ನಾನ್ ರಿಫಂಡಬಲ್ ಟಿಕೆಟ್, ಟ್ಯಾಕ್ಸ್ ಮಾತ್ರ ವಾಪಸ್ ಬರುತ್ತೆ ಅಂದಳು (02:48). ಆ ನಿಯಮ ನಾವಾಗಿ ಕ್ಯಾನ್ಸಲ್ ಮಾಡಿದಾಗಿನದು, ಇಲ್ಲಿ ರದ್ದು ಮಾಡಿದ್ದು ನೀವು ಅಲ್ವಾ ಅಂತ ಕೇಳಿದೆ. ಆಗ ಒಂದು ವರ್ಷದ ವೋಚರ್ ಕೊಡ್ತೀವಿ ಅಂದಳು (04:10). ಬೇಡ, ದುಡ್ಡೇ ಬೇಕು, ಕಟ್ಟಿದ ಕಾರ್ಡಿಗೇ ಬೇಕು ಅಂತ 04:31ರಲ್ಲಿ ಸ್ಪಷ್ಟವಾಗಿ ಹೇಳಿದ್ದೇನೆ. ಮುಂದೆ ಯಾರಾದರೂ "ನೀವು ವೋಚರ್ ಒಪ್ಪಿದ್ರಿ" ಅಂದರೆ ಈ ಜಾಗ ತೋರಿಸಿ. ಮರುದಿನದ ವಿಮಾನಕ್ಕೆ ಹಾಕ್ತೀವಿ ಅಂದದ್ದಕ್ಕೂ ಬೇಡ ಅಂದೆ (06:02).

ಆಮೇಲೆ ಆ ದೊಡ್ಡ ಹೋಲ್ಡ್. 15:20ಕ್ಕೆ ಸೂಪರ್‌ವೈಸರ್ ಬಂದರು, ಐಡಿ 2093. ಅವರ ಮಾತೇ ನಮಗೆ ಮುಖ್ಯ. "ವಿಮಾನ ನಮ್ಮ ಕಡೆಯಿಂದ ರದ್ದಾಗಿದೆ, ಮೂರೂ ಟಿಕೆಟ್‌ಗೆ ಪೂರ್ತಿ ರಿಫಂಡ್ ಆಗುತ್ತೆ, ಯಾವ ಚಾರ್ಜೂ ಹಿಡಿಯಲ್ಲ" (16:05). ಇದರಲ್ಲಿ "ಆಗಬಹುದು", "ಪ್ರಯತ್ನ ಮಾಡ್ತೀವಿ" ಎಲ್ಲೂ ಇಲ್ಲ, ನೇರವಾಗಿ ಆಗುತ್ತೆ ಅಂದಿದ್ದಾರೆ.

ವಾಪಸ್ ಬರುವ ಟಿಕೆಟ್ ಬಗ್ಗೆ ಬೇರೆಯಾಗಿ ಕೇಳಿದೆ. ಹೋಗೋದು ರದ್ದಾಗಿ ಬರೋದು ಮಾತ್ರ ಸಿಸ್ಟಮ್‌ನಲ್ಲಿ ಹಾಗೇ ಉಳಿದರೆ, ಮಂಗಳವಾರ ರಾತ್ರಿ ನಾವು ಬರಲಿಲ್ಲ ಅಂತ ನೋ ಶೋ ಹಾಕಿ ಆ ದುಡ್ಡು ನುಂಗಿಬಿಡುವ ಸಾಧ್ಯತೆ ಇತ್ತು. ಎರಡೂ ಕಡೆಯದನ್ನು ಈಗಲೇ ರದ್ದು ಮಾಡಿ ರಿಫಂಡ್‌ಗೆ ಹಾಕಿದ್ದೇನೆ ಅಂದರು (18:12). ಆದರೂ ಸೋಮವಾರ ಒಮ್ಮೆ ವೆಬ್‌ಸೈಟ್‌ನಲ್ಲಿ ಪಿಎನ್‌ಆರ್ ಹಾಕಿ ನೋಡಿ. ಬರುವ ವಿಮಾನ ಇನ್ನೂ ಕನ್ಫರ್ಮ್ ಅಂತಿದ್ದರೆ ತಕ್ಷಣ ನನಗೆ ಹೇಳಿ.

ಗಡುವು

ಜಾಸ್ತಿ ಗಲಾಟೆ ಆಗೋದೇ ಇಲ್ಲಿ. "ಏಳು ವರ್ಕಿಂಗ್ ಡೇಸ್" ಅಂತ ಅವರು ಸಲೀಸಾಗಿ ಹೇಳಿದರು, ಆದರೆ ಯಾವ ದಿನದಿಂದ ಅಂತ ಹೇಳಲಿಲ್ಲ. ಕಾಲ್ ಮಾಡಿದ ದಿನದಿಂದಲಾದರೆ ನವೆಂಬರ್ 18ಕ್ಕೆ ಮುಗಿಯುತ್ತೆ. ಅಪ್ರೂವಲ್ ಆದ ದಿನದಿಂದ ಅಂದರೆ, ಅಪ್ರೂವಲ್ಲೇ ಎಷ್ಟು ದಿನ ಬೇಕಾದರೂ ಎಳೆಯಬಹುದು, ಗಡುವು ಯಾವತ್ತೂ ಶುರುವೇ ಆಗಲ್ಲ. ಪಟ್ಟು ಹಿಡಿದು ಕೇಳಿದ ಮೇಲೆ ಬಿಡಿಸಿ ಹೇಳಿದರು: ಅಪ್ರೂವಲ್‌ಗೆ ಮೂರು ವರ್ಕಿಂಗ್ ಡೇಸ್, ಅದಾದ ಮೇಲೆ ಏಳು, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ (19:40ರಿಂದ 20:50). ಆ ಪ್ರಕಾರ ತಾರೀಖು ಹೀಗೆ:

- ದೂರು ದಾಖಲಾದ ಮೇಲ್, 24 ಗಂಟೆಯೊಳಗೆ: ನವೆಂಬರ್ 8, ಶನಿವಾರ ಸಂಜೆ 7.40ರೊಳಗೆ
- ರಿಫಂಡ್ ಅಪ್ರೂವಲ್: ನವೆಂಬರ್ 12, ಬುಧವಾರ
- ಅವರ ಕಡೆಯಿಂದ ಹಣ ಬಿಡುಗಡೆ: ಹೆಚ್ಚೆಂದರೆ ನವೆಂಬರ್ 21, ಶುಕ್ರವಾರ
- ಸೀಟು ಮತ್ತು ಹೆಚ್ಚುವರಿ ಲಗೇಜಿಗೆ ಕಟ್ಟಿದ್ದು, ಕಾಲ್‌ನಿಂದ 15 ವರ್ಕಿಂಗ್ ಡೇಸ್: ನವೆಂಬರ್ 28, ಶುಕ್ರವಾರ (22:15)

21ರಂದು ಬಿಡುಗಡೆಯಾದ ಹಣ ಅದೇ ದಿನ ನಿಮ್ಮ ಕಾರ್ಡಿನಲ್ಲಿ ಕಾಣಿಸಲ್ಲ. ಬ್ಯಾಂಕಿಗೆ ಇನ್ನೂ ಕೆಲವು ದಿನ ಬೇಕು. "ನಾವು ಕಳಿಸಿಯಾಯ್ತು, ಬ್ಯಾಂಕಿನವರನ್ನ ಕೇಳಿ" ಅಂತ ಅವರು ಕೈತೊಳೆದುಕೊಂಡರೆ ಸುಮ್ನೆ ಫೋನ್ ಇಡಬೇಡಿ, ಎಆರ್‌ಎನ್ ನಂಬರ್ ಕೇಳಿ. ಕಾರ್ಡ್ ರಿಫಂಡ್‌ಗೆ ಬರುವ 23 ಅಂಕಿಯ ನಂಬರ್ ಅದು, ಅದನ್ನು ಕೊಟ್ಟರೆ ಬ್ಯಾಂಕಿನವರು ಹಣ ಎಲ್ಲಿದೆ ಅಂತ ಹುಡುಕಬಲ್ಲರು. ಅದನ್ನೂ ಕೊಡೋಕೆ ಆಗಲ್ಲ ಅಂದರೆ ಹಣ ಇನ್ನೂ ಹೊರಟಿಲ್ಲ ಅನ್ನೋ ಅನುಮಾನ ಇಟ್ಟುಕೊಳ್ಳಿ.

ಒಂದು ವಿಷಯ ಮಾತ್ರ ಅವರು ಒಪ್ಪಿಲ್ಲ. ಕನ್ವೀನಿಯನ್ಸ್ ಫೀ ವಾಪಸ್ ಬರುತ್ತಾ ಅಂದದ್ದಕ್ಕೆ "ರಿಕ್ವೆಸ್ಟ್ ಹಾಕ್ತೀನಿ, ನೋಡೋಣ" ಅಂದರು (23:30). ಇದನ್ನು ಮಾತು ಕೊಟ್ಟ ಲೆಕ್ಕಕ್ಕೆ ಸೇರಿಸಿಲ್ಲ. ಮೇಲ್‌ನಲ್ಲಿ ಬೇಡಿಕೆ ಅಂತಲೇ ಬರೆದಿದ್ದೇನೆ. ಹೇಳದೇ ಇರೋದನ್ನು ಹೇಳಿದ್ರು ಅಂತ ಹಾಕಿದರೆ, ಅವರ ಹತ್ತಿರವೂ ರೆಕಾರ್ಡಿಂಗ್ ಇದೆ, ಅದೊಂದನ್ನೇ ಹಿಡಿದು ಪೂರ್ತಿ ಕ್ಲೇಮ್ ಎಳೆದಾಡ್ತಾರೆ.

ರದ್ದಾದ ಮೆಸೇಜ್‌ನಲ್ಲಿ ಬೇರೆ ವಿಮಾನ ಒಪ್ಪಿಕೊಳ್ಳಿ ಅಂತ ಒಂದು ಲಿಂಕ್ ಇದೆ. ಅದನ್ನು ಮುಟ್ಟಬೇಡಿ, ಅಕ್ಕನಿಗೂ ಹೇಳಿ. ಅವಳ ಫೋನಿಗೂ ಬಂದಿರುತ್ತೆ.

ಕಳಿಸಬೇಕಾದ ಮೇಲ್

ವಿಷಯ: ಪಿಎನ್‌ಆರ್ K7QX2M, ರದ್ದಾದ ವಿಮಾನದ ಪೂರ್ತಿ ರಿಫಂಡ್, ದೂರು ಸಂಖ್ಯೆ SR-482136

ನಮಸ್ಕಾರ,

ನವೆಂಬರ್ 8ರ ಬೆಳಗ್ಗೆ 6.40ರ ನಮ್ಮ ವಿಮಾನವನ್ನು ನೀವು ಹಿಂದಿನ ಸಂಜೆ ರದ್ದು ಮಾಡಿದ್ದೀರಿ. ಬದಲಿ ವಿಮಾನ ಮತ್ತು ವೋಚರ್ ಎರಡನ್ನೂ ನಾವು ನಿರಾಕರಿಸಿದ್ದೇವೆ. ನವೆಂಬರ್ 7ರ ಸಂಜೆ 7.14ರ ಕರೆಯಲ್ಲಿ ನಿಮ್ಮ ಸೂಪರ್‌ವೈಸರ್ (ಐಡಿ 2093) ಮೂವರ ಹೋಗುವ ಮತ್ತು ಬರುವ ಟಿಕೆಟ್‌ಗಳ ಪೂರ್ತಿ ಹಣವನ್ನು ಯಾವ ಕಡಿತವೂ ಇಲ್ಲದೆ ಕೊಡುವುದಾಗಿ ಒಪ್ಪಿದ್ದಾರೆ. ಅವರು ಹೇಳಿದ ಗಡುವಿನಂತೆ ನವೆಂಬರ್ 12ರೊಳಗೆ ಅಪ್ರೂವಲ್, ನವೆಂಬರ್ 21ರೊಳಗೆ ಟಿಕೆಟ್ ಹಣ ಬಿಡುಗಡೆ, ನವೆಂಬರ್ 28ರೊಳಗೆ ಸೀಟು ಮತ್ತು ಲಗೇಜಿನ ಹಣ ಬಿಡುಗಡೆ ಆಗಬೇಕು.

ಹಣ ಕಟ್ಟಿದ ಕಾರ್ಡಿಗೇ ಬರಬೇಕು. ಬಿಡುಗಡೆಯಾದ ದಿನವೇ ಎಆರ್‌ಎನ್ ನಂಬರ್ ಕಳಿಸಿ. ಪ್ರಯಾಣವೇ ನಡೆಯದ ಕಾರಣ ಕನ್ವೀನಿಯನ್ಸ್ ಫೀಯನ್ನೂ ಹಿಂದಿರುಗಿಸಬೇಕೆಂದು ಕೇಳುತ್ತಿದ್ದೇವೆ. ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ.

ಈ ಲೆಕ್ಕದಲ್ಲಿ ಏನಾದರೂ ತಪ್ಪಿದ್ದರೆ ನವೆಂಬರ್ 12ರೊಳಗೆ ಉತ್ತರಿಸಿ. ನವೆಂಬರ್ 21ರೊಳಗೆ ಟಿಕೆಟ್ ಹಣ ಬಿಡುಗಡೆಯಾಗದಿದ್ದರೆ ಕಾರ್ಡ್ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್‌ಗೆ ಅರ್ಜಿ ಹಾಕುತ್ತೇವೆ. ಕರೆಯ ರೆಕಾರ್ಡಿಂಗ್ ನಮ್ಮಲ್ಲಿದೆ.

ಲಗತ್ತು: ಟಿಕೆಟ್ ರಸೀದಿ, ಸೀಟು ಮತ್ತು ಲಗೇಜ್ ರಸೀದಿ, ರದ್ದಾದ ಮೆಸೇಜ್‌ನ ಸ್ಕ್ರೀನ್‌ಶಾಟ್.