ಚಂಡೆ ಸದ್ದು, ಬಾಳೆ ಎಲೆ ಊಟ: ಮೆಲ್ಬರ್ನ್ ಕನ್ನಡಿಗರ ರಾಜ್ಯೋತ್ಸವ ಸಂಜೆಗೆ ಟಿಕೆಟ್ ಶುರು

ನವೆಂಬರ್ 14, 2026, ಶನಿವಾರ. ಮಧ್ಯಾಹ್ನ 3:30ಕ್ಕೆ ಬಾಗಿಲು ತೆರೆಯುತ್ತದೆ, 4 ಗಂಟೆಗೆ ಸರಿಯಾಗಿ ನಾಡಗೀತೆ. ಜಾಗ ಕ್ಲೇಟನ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಸಭಾಂಗಣ. ದೀಪಾವಳಿ ಮುಗಿದ ವಾರಾಂತ್ಯವನ್ನೇ ಬೇಕಂತಲೇ ಆರಿಸಿದ್ದೇವೆ, ಹಬ್ಬ ಮನೆಯಲ್ಲಿ ಮಾಡಿಕೊಂಡು ಆರಾಮವಾಗಿ ಬರಬಹುದು.

ಈ ಸಲದ ಮುಖ್ಯ ಆಕರ್ಷಣೆ ಯಕ್ಷಗಾನ. ಬಡಗುತಿಟ್ಟಿನ ಆಟ, ಅಭಿಮನ್ಯು ಚಕ್ರವ್ಯೂಹ ಹೊಕ್ಕುವ ಪ್ರಸಂಗ. ಭಾಗವತರು, ಮದ್ದಳೆ, ಚಂಡೆ ಮೂರೂ ಊರಿನಿಂದಲೇ ಬರುತ್ತಿವೆ. ಕುಣಿಯುವ ಆರು ಜನ ಮಾತ್ರ ನಮ್ಮವರೇ. ಮಾರ್ಚ್‌ನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೆಜ್ಜೆ ಕಲಿತಿದ್ದಾರೆ. ಅಭಿಮನ್ಯು ಪಾತ್ರ ಮಾಡುವ ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು. ಶುರುವಿನಲ್ಲಿ ಕನ್ನಡ ಓದಲು ತಡವರಿಸುತ್ತಿದ್ದಳು, ಈಗ ಅರ್ಥಗಾರಿಕೆಯನ್ನು ಕಾಗದ ನೋಡದೆ ಹೇಳುತ್ತಾಳೆ. ಅವಳ ಮಾತು ಕೇಳಲಿಕ್ಕಾದರೂ ಬನ್ನಿ. ಊರಲ್ಲಿ ಬೆಳಗಾಗುವವರೆಗೂ ನಡೆಯುವ ಆಟ ಇಲ್ಲಿ ಎರಡು ಗಂಟೆಯದು, ರಾತ್ರಿ 8ರಿಂದ 10.

ಅದಕ್ಕೂ ಮೊದಲು, 4ರಿಂದ 6ರವರೆಗೆ, ಡೊಳ್ಳು ಕುಣಿತ, ಕನ್ನಡ ಶಾಲೆ ಮಕ್ಕಳ ಅರ್ಧ ಗಂಟೆಯ ನಾಟಕ, ಭಾವಗೀತೆಗಳು. ಭಾಷಣ ಒಂದೇ, ಅದೂ ಐದು ನಿಮಿಷ. ಇದನ್ನು ಸಮಿತಿ ಸಭೆಯಲ್ಲಿ ಬರೆದಿಟ್ಟಿದ್ದೇವೆ!

ಊಟ ಬಾಳೆ ಎಲೆಯಲ್ಲಿ, ಕೂರಿಸಿ ಬಡಿಸುತ್ತೇವೆ. ಪ್ಲೇಟು ಹಿಡಿದು ಸಾಲಿನಲ್ಲಿ ನಿಲ್ಲಬೇಕಿಲ್ಲ. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ. ಆಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಬಿಸಿಬೇಳೆಬಾತ್, ಅನ್ನ ತಿಳಿಸಾರು, ಮೊಸರನ್ನ. ತುಪ್ಪ ಹಾಕಿದ ಬೇಳೆ ಒಬ್ಬಟ್ಟು. ರೊಟ್ಟಿಯನ್ನು ನಮ್ಮ ಉತ್ತರ ಕರ್ನಾಟಕದ ಅಕ್ಕಂದಿರು ಅಂದೇ ತಟ್ಟಿ ತರುತ್ತಾರೆ. ಎಲ್ಲವೂ ಸಸ್ಯಾಹಾರ. ಶೇಂಗಾ, ಗೋಡಂಬಿ ಆಗದವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಟಿಕೆಟ್ ತೆಗೆದುಕೊಳ್ಳುವಾಗಲೇ ಬರೆಯಿರಿ, ನಿಮಗೆ ಬೇರೆ ಪಾತ್ರೆಯಿಂದ ಬಡಿಸುತ್ತೇವೆ. ಚಿಕ್ಕ ಮಕ್ಕಳಿಗೆ ಖಾರವಿಲ್ಲದ ಸಾರನ್ನ ಇರುತ್ತದೆ.

ಕಳೆದ ವರ್ಷ ಎರಡನೇ ಪಂಕ್ತಿಗೆ ಒಬ್ಬಟ್ಟು ಸಾಲಲಿಲ್ಲ. ದೂರದಿಂದ ಬಂದವರು ಸಿಹಿ ಇಲ್ಲದೆ ಎದ್ದರು, ಅದು ನಮಗೆ ಇನ್ನೂ ಬೇಜಾರು. ಬಾಗಿಲಲ್ಲಿ ಕೊನೇ ಗಳಿಗೆಯಲ್ಲಿ ಅರವತ್ತು ಟಿಕೆಟ್ ಮಾರಿದ್ದೇ ಕಾರಣ. ಆದ್ದರಿಂದ ಈ ಸಲ ಬಾಗಿಲಲ್ಲಿ ಟಿಕೆಟ್ ಇಲ್ಲ. ನವೆಂಬರ್ 5, ಗುರುವಾರ ರಾತ್ರಿಗೆ ಮಾರಾಟ ನಿಲ್ಲಿಸಿ, ಅಡುಗೆಯವರಿಗೆ ಎಲೆಯ ಲೆಕ್ಕ ಕೊಡುತ್ತೇವೆ.

ಒಟ್ಟು 280 ಆಸನ, ಎಲ್ಲಕ್ಕೂ ನಂಬರ್ ಇದೆ. ಊಟಕ್ಕೆ 140 ಜನರ ಎರಡು ಪಂಕ್ತಿ. ಹಸಿರು ಟಿಕೆಟ್‌ನವರಿಗೆ 6 ಗಂಟೆಗೆ, ಹಳದಿಯವರಿಗೆ 6:50ಕ್ಕೆ. ಪುಟ್ಟ ಮಕ್ಕಳಿರುವವರು, ಸಕ್ಕರೆ ಕಾಯಿಲೆ ಇರುವವರು ಹಸಿರನ್ನೇ ಆರಿಸಿಕೊಳ್ಳಿ. ಹಳದಿಯವರು ಕಾಯುವ ಹೊತ್ತಿನಲ್ಲಿ ಚೌಕಿಗೆ ಬರಬಹುದು. ಬಣ್ಣ ಹಚ್ಚುವುದು, ಕೇದಗೆ ಮುಂದಲೆ ಕಟ್ಟುವುದು ಎಲ್ಲ ಹತ್ತಿರದಿಂದ ನೋಡಬಹುದು. ನಿಜ ಹೇಳಬೇಕೆಂದರೆ, ನಾನಾಗಿದ್ದರೆ ಹಳದಿಯೇ ತೆಗೆದುಕೊಳ್ಳುತ್ತಿದ್ದೆ.

ಮುಂದಿನ ಎರಡು ಸಾಲು ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ, ಹಿರಿಯರಿಗೆ. ಗಣ್ಯರಿಗೆ ಅಂತ ಬೇರೆ ಸಾಲಿಲ್ಲ. ಗಾಲಿಕುರ್ಚಿಗೆ ಬಲಗಡೆಯ ಬಾಗಿಲ ಪಕ್ಕ ಆರು ಜಾಗ ಬಿಟ್ಟಿದ್ದೇವೆ, ಅಲ್ಲಿ ಮೆಟ್ಟಿಲಿಲ್ಲ. ಚಂಡೆಯ ಸದ್ದು ಜೋರು, ಹಾಗಾಗಿ ಕೈಗೂಸು ಇರುವವರು ಹಿಂದಿನ ಮೂರು ಸಾಲು ನೋಡಿ. ಪ್ರ್ಯಾಮ್ ನಿಲ್ಲಿಸಲೂ ಅಲ್ಲೇ ಜಾಗ.

ಬೆಲೆ: ದೊಡ್ಡವರಿಗೆ 45 ಡಾಲರ್, ವಿದ್ಯಾರ್ಥಿಗಳಿಗೆ 30, 5ರಿಂದ 12 ವರ್ಷದ ಮಕ್ಕಳಿಗೆ 20. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಕುಟುಂಬಕ್ಕೆ 115. ಐದು ವರ್ಷದೊಳಗಿನವರಿಗೆ ಉಚಿತ, ಆದರೆ ಹೆಸರು ಸೇರಿಸಿ, ಅವರಿಗೂ ಎಲೆ ಹಾಕಬೇಕಲ್ವಾ. ಊಟ, ಮಧ್ಯಾಹ್ನದ ಕಾಫಿ ಎಲ್ಲ ಇದರಲ್ಲೇ ಸೇರಿದೆ.

ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿರುವ ಲಿಂಕ್‌ನಲ್ಲಿ ಆಸನ ಆರಿಸಿ ಹಣ ಕಟ್ಟಬಹುದು. ಆನ್‌ಲೈನ್ ಬೇಡ ಎನ್ನುವವರು ಭಾನುವಾರದ ಕನ್ನಡ ಶಾಲೆಯಲ್ಲಿ ಸಿಗಿ, ಕಾಗದದ ಟಿಕೆಟ್ ಕೊಡುತ್ತೇವೆ. ಬರಲಾಗದಿದ್ದರೆ ನವೆಂಬರ್ 5ರೊಳಗೆ ಹೇಳಿ, ಪೂರ್ತಿ ಹಣ ವಾಪಸ್. ಪಾಯಿಂಟ್ ಕುಕ್, ಟಾರ್ನೀಟ್ ಕಡೆಯಿಂದ ಬರುವವರು ಕಾರು ಹಂಚಿಕೊಳ್ಳಲು ಅದೇ ಗುಂಪಿನಲ್ಲಿ ಹೆಸರು ಹಾಕಿ, ರಾತ್ರಿ ವಾಪಸ್ ಹೋಗಲಿಕ್ಕೂ ಜೊತೆ ಸಿಗುತ್ತದೆ.